ಕಾಯ್ದೆಯ ಎರಡು ಸಾಲು, ಓದುವ ಮೂರು ಬಗೆ

ಕಾನೂನು ವ್ಯಾಸಂಗ ಮಾಡುತ್ತಿರುವ ನಮ್ಮ ಊರುಗಳ ಕೆಲವು ವಿದ್ಯಾರ್ಥಿಗಳು ತಮ್ಮ ಅಭ್ಯಾಸದ ಉತ್ತರಗಳನ್ನು ಪತ್ರಿಕೆಗೆ ಕಳುಹಿಸಿಕೊಟ್ಟಿದ್ದಾರೆ. ಪ್ರಶ್ನೆಯ ಸ್ವರೂಪ ಎಲ್ಲರಿಗೂ ಪರಿಚಿತವಾದದ್ದೇ. ಯಾವುದೋ ಕಾಯ್ದೆಯ ಎರಡು ಸಾಲು ಕೊಟ್ಟಿರುತ್ತಾರೆ, ಒಂದು ಸನ್ನಿವೇಶ ಕೊಟ್ಟಿರುತ್ತಾರೆ. ಅಕ್ಷರಾರ್ಥ ನಿಯಮ, ಸುವರ್ಣ ನಿಯಮ, ಅನಿಷ್ಟ ನಿವಾರಣಾ ನಿಯಮ ಈ ಮೂರನ್ನೂ ಅನ್ವಯಿಸಿ ನಿರ್ಣಯ ಹೇಳಬೇಕು. ಬಂದ ಉತ್ತರಗಳಲ್ಲಿ ಬಹುಪಾಲು ಒಂದೇ ದಾರಿ ಹಿಡಿದಿವೆ. ಮೂರು ನಿಯಮಗಳ ವ್ಯಾಖ್ಯೆಗೆ ಒಂದೂವರೆ ಪುಟ, ಕೊನೆಯಲ್ಲಿ ‘ಕಾಡು ಉಳಿಯಬೇಕಾದ್ದರಿಂದ ಇಲ್ಲಿ ಅನಿಷ್ಟ ನಿವಾರಣಾ ನಿಯಮವೇ ಸೂಕ್ತ’ ಎಂಬ ಒಂದು ಸಾಲು. ಪ್ರಶ್ನೆಯಲ್ಲಿ ಕೊಟ್ಟಿದ್ದ ಆ ಎರಡು ಸಾಲುಗಳನ್ನು ಯಾರೂ ಪದ ಪದವಾಗಿ ಓದಿದಂತೆ ಕಾಣಲಿಲ್ಲ.

ಇನ್ನೊಂದು ಕಡೆ, ನಮ್ಮ ಸಭೆಗಳಲ್ಲಿ ಹಿರಿಯರು ಕೇಳುವ ಮಾತೊಂದಿದೆ. ‘ಕಾನೂನಿನಲ್ಲಿ ಬರೆದದ್ದೇ ಒಂದು, ಕೋರ್ಟು ಹೇಳಿದ್ದೇ ಇನ್ನೊಂದು. ಒಂದೇ ಕಲಮಿಗೆ ಮೊದಲು ಹಾಗಂದರು, ಮರುವರ್ಷ ಹೀಗಂದರು. ಇದೆಂಥದು ಮಾರಾಯರೆ?’ ವಿದ್ಯಾರ್ಥಿಗಳ ಉತ್ತರದಲ್ಲಿರುವ ಕೊರತೆಗೂ ಹಿರಿಯರ ಈ ಪ್ರಶ್ನೆಗೂ ಸಂಬಂಧವಿದೆ. ಎರಡಕ್ಕೂ ಸಮಾಧಾನ ಒಂದೇ ಕಡೆ, 1980ರ ಅರಣ್ಯ (ಸಂರಕ್ಷಣೆ) ಕಾಯ್ದೆಯ 2ನೇ ಕಲಮಿನಲ್ಲಿ ಸಿಗುತ್ತದೆ. ಅಲ್ಲಿಗೆ ಹೋಗುವ ಮುನ್ನ ಮೂರು ನಿಯಮಗಳ ಪರಿಚಯವನ್ನು ಮಾಡಿಕೊಳ್ಳೋಣ. ಇವು ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ಹುಟ್ಟಿ ನಮ್ಮ ನ್ಯಾಯಾಲಯಗಳಿಗೆ ಬಂದವು. ಆದ್ದರಿಂದ ಉದಾಹರಣೆಗಳೂ ಅಲ್ಲಿನವೇ.

1868ರಲ್ಲಿ ಅಲ್ಲಿ ವೈಟ್ಲಿ ಮತ್ತು ಚಾಪೆಲ್ ಎಂಬವರ ನಡುವಿನ ಮೊಕದ್ದಮೆಯೊಂದು ತೀರ್ಮಾನವಾಯಿತು. ಬಡವರ ಪಾಲನಾ ಮಂಡಳಿಗೆ ನಡೆದ ಚುನಾವಣೆಯಲ್ಲಿ ಒಬ್ಬಾತ ಸತ್ತವನ ಹೆಸರಿನಲ್ಲಿ ಮತ ಹಾಕಿದ್ದ. ‘ಮತ ಹಾಕುವ ಹಕ್ಕುಳ್ಳ ವ್ಯಕ್ತಿಯ’ ಸೋಗು ಹಾಕುವುದು ಅಪರಾಧವೆಂದು ಕಾಯ್ದೆ ಹೇಳಿತ್ತು. ಸತ್ತವನಿಗೆ ಮತದ ಹಕ್ಕಿಲ್ಲ. ಆದ್ದರಿಂದ ಅವನ ಸೋಗು ಹಾಕಿದವನು ಹಕ್ಕುಳ್ಳ ವ್ಯಕ್ತಿಯ ಸೋಗು ಹಾಕಿದಂತಾಗಲಿಲ್ಲ. ಆರೋಪಿ ಬಿಡುಗಡೆಯಾದ. ಇದು ಅಕ್ಷರಾರ್ಥ ನಿಯಮ. ಪದಕ್ಕೆ ಸಹಜವಾದ ಅರ್ಥ ಕೊಡು, ಫಲ ಏನಾದರೂ ಆಗಲಿ. ನಗು ಬರುವಂತಿದ್ದರೂ ಇದರ ಹಿಂದೆ ಒಂದು ನ್ಯಾಯವಿದೆ. ಜೈಲಿಗೆ ಕಳುಹಿಸುವ ಕಲಮನ್ನು ಹಿಗ್ಗಿಸಿ ಓದಿದರೆ, ಯಾವ ಕೆಲಸ ಅಪರಾಧ, ಯಾವುದು ಅಲ್ಲ ಎಂಬುದು ಜನರಿಗೆ ಮುಂಚಿತವಾಗಿ ತಿಳಿಯುವುದೇ ಇಲ್ಲ. ಅರಣ್ಯ ಇಲಾಖೆಯ ಕೇಸು ಮೈಮೇಲೆ ಬಿದ್ದ ರೈತನಿಗೆ ಈ ಬಿಗಿಯಾದ ಓದೇ ಎಷ್ಟೋ ಸಲ ರಕ್ಷಣೆ ಎಂಬುದನ್ನು ಮರೆಯಬಾರದು.

ಸುವರ್ಣ ನಿಯಮ ಅಕ್ಷರಾರ್ಥದಿಂದಲೇ ಹೊರಡುತ್ತದೆ. ಆದರೆ ಆ ಅರ್ಥ ಅಸಂಬದ್ಧವಾದ ಫಲಕ್ಕೆ ಒಯ್ದರೆ, ಆ ಅಸಂಬದ್ಧತೆಯನ್ನು ತಪ್ಪಿಸುವಷ್ಟು ಮಾತ್ರ ಪದವನ್ನು ಬಾಗಿಸಲು ಒಪ್ಪುತ್ತದೆ. 1964ರ ಆ್ಯಡ್ಲರ್ ಮೊಕದ್ದಮೆಯಲ್ಲಿ, ನಿಷೇಧಿತ ಸ್ಥಳದ ‘ಸಮೀಪದಲ್ಲಿ’ ಕಾವಲಿನವರಿಗೆ ಅಡ್ಡಿಪಡಿಸುವುದು ಅಪರಾಧವೆಂದು ಕಾಯ್ದೆ ಹೇಳಿತ್ತು. ಆರೋಪಿ ಇದ್ದದ್ದು ವಾಯುಸೇನೆಯ ನೆಲೆಯ ಒಳಗೆ. ಒಳಗಿದ್ದವನು ಸಮೀಪದಲ್ಲಿರಲಿಲ್ಲ ಎಂದು ಅವನ ವಾದ. ಬೇಲಿಯ ಹೊರಗೆ ನಿಂತವನಿಗೆ ಶಿಕ್ಷೆ, ಒಳಗೆ ಹೊಕ್ಕವನಿಗೆ ಇಲ್ಲ ಎಂದಾಗುವುದು ಹುಚ್ಚುತನವಾದ್ದರಿಂದ ನ್ಯಾಯಾಲಯ ಅದನ್ನು ‘ಒಳಗೆ ಅಥವಾ ಸಮೀಪದಲ್ಲಿ’ ಎಂದು ಓದಿತು.

ಮೂರನೆಯದು ವಯಸ್ಸಿನಲ್ಲಿ ಎಲ್ಲಕ್ಕಿಂತ ಹಿರಿದು. 1584ರ ಹೇಡನ್ ಮೊಕದ್ದಮೆಯಲ್ಲಿ ಬಂದದ್ದು. ಅದು ನಾಲ್ಕು ಪ್ರಶ್ನೆ ಕೇಳುತ್ತದೆ. ಈ ಕಾಯ್ದೆ ಬರುವ ಮೊದಲು ಕಾನೂನು ಏನಿತ್ತು? ಅದು ತಡೆಯಲಾರದೆ ಬಿಟ್ಟ ಅನಿಷ್ಟ ಯಾವುದು? ಅದಕ್ಕೆ ಶಾಸನಸಭೆ ಕೊಟ್ಟ ಮದ್ದು ಯಾವುದು? ಆ ಮದ್ದಿನ ನಿಜವಾದ ಕಾರಣವೇನು? ಈ ನಾಲ್ಕಕ್ಕೂ ಉತ್ತರ ಹುಡುಕಿದ ಮೇಲೆ, ಅನಿಷ್ಟವನ್ನು ಅಡಗಿಸಿ ಮದ್ದನ್ನು ಮುಂದುವರಿಸುವ ಅರ್ಥವನ್ನು ಆರಿಸಿಕೊಳ್ಳಬೇಕು. ನಮ್ಮ ಸರ್ವೋಚ್ಚ ನ್ಯಾಯಾಲಯ 1955ರ ಬೆಂಗಾಲ್ ಇಮ್ಯೂನಿಟಿ ಕಂಪನಿಯ ಮೊಕದ್ದಮೆಯಲ್ಲಿ ಇದನ್ನು ಸ್ವೀಕರಿಸಿತು. ಸತ್ತವನ ಮತದ ಮೊಕದ್ದಮೆಯನ್ನು ಈ ಬಗೆಯಲ್ಲಿ ಓದಿದ್ದರೆ, ಕಳ್ಳಮತವೇ ಅಲ್ಲಿನ ಅನಿಷ್ಟವಾದ್ದರಿಂದ, ಆರೋಪಿ ಸಿಕ್ಕಿಬೀಳುತ್ತಿದ್ದ. ಅಂದರೆ ಮೂರು ನಿಯಮಗಳಲ್ಲಿ ಯಾವುದನ್ನು ಯಾವಾಗ ಹಿಡಿಯಬೇಕೆಂದು ಹೇಳುವ ನಾಲ್ಕನೆಯ ನಿಯಮವೊಂದಿಲ್ಲ. ಗೊಂದಲಕ್ಕೆ ಇದೇ ಮೂಲ.

ಈಗ ನಮ್ಮ ಕಲಮಿಗೆ ಬರೋಣ. 1980ರಲ್ಲಿ ಜಾರಿಯಾದಾಗ ಅದರ ಮುಖ್ಯ ಭಾಗ ಕನ್ನಡದಲ್ಲಿ ಹೀಗಾಗುತ್ತದೆ: ರಾಜ್ಯದಲ್ಲಿ ಜಾರಿಯಲ್ಲಿರುವ ಬೇರೆ ಕಾನೂನಿನಲ್ಲಿ ಏನೇ ಇದ್ದರೂ, ಯಾವುದೇ ಅರಣ್ಯಭೂಮಿಯನ್ನಾಗಲಿ ಅದರ ಭಾಗವನ್ನಾಗಲಿ ಅರಣ್ಯೇತರ ಉದ್ದೇಶಕ್ಕೆ ಬಳಸಬಹುದೆಂಬ ಆದೇಶವನ್ನು, ಕೇಂದ್ರ ಸರ್ಕಾರದ ಪೂರ್ವಾನುಮೋದನೆಯಿಲ್ಲದೆ, ರಾಜ್ಯ ಸರ್ಕಾರವಾಗಲಿ ಇತರ ಪ್ರಾಧಿಕಾರವಾಗಲಿ ಮಾಡತಕ್ಕದ್ದಲ್ಲ. ಕೆಳಗೊಂದು ವಿವರಣೆ: ‘ಅರಣ್ಯೇತರ ಉದ್ದೇಶ’ ಎಂದರೆ ಮರು ಅರಣ್ಯೀಕರಣವಲ್ಲದ ಯಾವುದೇ ಉದ್ದೇಶಕ್ಕಾಗಿ ಅರಣ್ಯಭೂಮಿಯನ್ನು ಅಗೆಯುವುದು ಅಥವಾ ತೆರವು ಮಾಡುವುದು. (1988ರಲ್ಲಿ ಈ ಕಲಮಿಗೆ ಹೊಸ ಉಪಕಲಂಗಳು ಸೇರಿದವು, ವಿವರಣೆಯೂ ಬದಲಾಯಿತು. ನಾವು ಇಲ್ಲಿ ನೋಡುವ ಎರಡು ತೀರ್ಪುಗಳು ಹಳೆಯ ಪಾಠವನ್ನು ಕುರಿತವು.)

ಮೊದಲನೆಯದು 1985ರ ಬನ್ಸಿರಾಮ್ ಮೋದಿ ಮೊಕದ್ದಮೆ. ಬಿಹಾರದ ಮೀಸಲು ಅರಣ್ಯದಲ್ಲಿ 80 ಎಕರೆಗೆ ಅಭ್ರಕದ, ಅಂದರೆ ನಾವು ಕಾಗೆಬಂಗಾರ ಎನ್ನುವುದರ, ಗಣಿ ಗುತ್ತಿಗೆ ಕಾಯ್ದೆಗೆ ಮೊದಲೇ ಆಗಿತ್ತು. ನಿಜವಾಗಿ ಅಗೆದಿದ್ದದ್ದು 5 ಎಕರೆ. ಅಭ್ರಕ ಅಗೆಯುವಾಗ ಅದರ ಜೊತೆಗೇ ಫೆಲ್ಡ್‌ಸ್ಪಾರ್ ಮತ್ತು ಬೆಣಚುಕಲ್ಲು ಸಿಕ್ಕವು. ಅವನ್ನೂ ಗುತ್ತಿಗೆಯಲ್ಲಿ ಸೇರಿಸಬೇಕಾದರೆ ಕೇಂದ್ರದ ಅನುಮೋದನೆ ಬೇಕೇ ಎಂಬುದು ಪ್ರಶ್ನೆ.

ಪದಗಳನ್ನು ಮಾತ್ರ ಹಿಡಿದರೆ ಎರಡೂ ಕಡೆಗೆ ವಾದವಿದೆ. ಗುತ್ತಿಗೆಯ ಪತ್ರವನ್ನು ತಿದ್ದುವುದು ರಾಜ್ಯದ ಹೊಸ ಆದೇಶವೇ. ಅದು ಅರಣ್ಯಭೂಮಿಯಲ್ಲಿ ಗಣಿಗಾರಿಕೆಗೆ ಸಂಬಂಧಿಸಿದ್ದೇ. ಮೇಲಿನ ವಾಕ್ಯವೊಂದನ್ನೇ ಓದಿದರೆ ಅನುಮೋದನೆ ಬೇಕು. ಆದರೆ ವಿವರಣೆಯನ್ನು ಜೊತೆಗಿಟ್ಟು ಓದಿದರೆ ನಿಷೇಧವಿರುವುದು ಅಗೆಯುವುದಕ್ಕೆ, ತೆರವು ಮಾಡುವುದಕ್ಕೆ. ಈ 5 ಎಕರೆ ಅಗೆದಾಗಿದೆ, ಹೊಸದಾಗಿ ಅಗೆಯಲು ಯಾರೂ ಆದೇಶ ಕೊಡುತ್ತಿಲ್ಲ. ನ್ಯಾಯಾಲಯ ಎರಡು ಭಾಗಗಳನ್ನೂ ಕೂಡಿಸಿ ಓದಿ, ಕಾಯ್ದೆ ತಡೆಯುವುದು ಹೊಸ ಅಗೆತವನ್ನು ಎಂದಿತು. ಆಮೇಲೆ ಇದಕ್ಕೆ ವಿರುದ್ಧವಾದ ಓದಿನ ಫಲವನ್ನು ಪರೀಕ್ಷಿಸಿತು. ಹಾಗೆ ಓದಿದರೆ ಗುತ್ತಿಗೆದಾರ ಅಭ್ರಕಕ್ಕಾಗಿ ಅಗೆಯುತ್ತಲೇ ಇರಬಹುದು, ಅದೇ ಗುಂಡಿಯಲ್ಲಿ ಕೈಗೆ ಬಂದ ಬೆಣಚುಕಲ್ಲನ್ನು ಮಾತ್ರ ಒಯ್ಯುವಂತಿಲ್ಲ. ಇದು ಅಸಮಂಜಸ, ಕಾಯ್ದೆಯ ಉದ್ದೇಶಕ್ಕೂ ಇದರಿಂದ ಏನೂ ಸಹಾಯವಿಲ್ಲ. ಅನುಮೋದನೆ ಬೇಡವೆಂದು ತೀರ್ಪಾಯಿತು, 5 ಎಕರೆಯ ಗಡಿ ದಾಟುವುದಿಲ್ಲವೆಂಬ ಕಟ್ಟುಪಾಡಿನೊಂದಿಗೆ.

ತೀರ್ಪಿನಲ್ಲಿ ‘ಸುವರ್ಣ ನಿಯಮ’ ಎಂಬ ಹೆಸರನ್ನು ಹುಡುಕುತ್ತಾ ಕೂರಬೇಕಾಗಿಲ್ಲ. ನ್ಯಾಯಾಧೀಶರು ಹೆಸರು ಹೇಳಲಿ ಬಿಡಲಿ, ವಾದದ ಆಕಾರದಿಂದ ಅದನ್ನು ಗುರುತಿಸಬಹುದು. ಎರಡು ಅರ್ಥಗಳಿಗೆ ಪದ ತೆರೆದುಕೊಂಡಿತ್ತು, ಒಂದು ಅರ್ಥ ವಿಪರೀತದ ಫಲಕ್ಕೆ ಒಯ್ಯುತ್ತಿತ್ತು, ಇನ್ನೊಂದನ್ನು ಆರಿಸಿದರು. ಅರಣ್ಯದ ಪಕ್ಷಪಾತಿಗಳಾದ ನಮ್ಮಲ್ಲಿ ಹಲವರಿಗೆ ಈ ತೀರ್ಪು ಕಹಿ. ಆದರೂ ಆ ಸಂಗತಿಗಳ ಮಟ್ಟಿಗೆ ಅದು ತಪ್ಪೆಂದು ನಮಗೆ ಅನ್ನಿಸುವುದಿಲ್ಲ. ಬೆಣಚುಕಲ್ಲನ್ನು ಗುಂಡಿಯ ಅಂಚಿನಲ್ಲಿ ರಾಶಿ ಹಾಕಿ ಬಿಟ್ಟರೆ ಒಂದು ಮರವೂ ಉಳಿಯುತ್ತಿರಲಿಲ್ಲ.

ಮರುವರ್ಷವೇ, 1986ರ ಡಿಸೆಂಬರ್‌ನಲ್ಲಿ, ಗುಜರಾತಿನ ಅಂಬಿಕಾ ಕ್ವಾರಿ ವರ್ಕ್ಸ್ ಮೊಕದ್ದಮೆ ತೀರ್ಮಾನವಾಯಿತು. ಇಲ್ಲಿಯೂ ಅರಣ್ಯದೊಳಗಿನ ಕಲ್ಲುಗಣಿ. ಇಲ್ಲಿಯೂ ಕಾಯ್ದೆಗೆ ಮೊದಲೇ ಪಡೆದ ಗುತ್ತಿಗೆ. ಆದರೆ ಅವಧಿ ಮುಗಿದಿತ್ತು, ಗುತ್ತಿಗೆದಾರರು ನವೀಕರಣ ಕೇಳಿದ್ದರು, ಸರ್ಕಾರ ಕೊಡಲಿಲ್ಲ. ಅವರ ವಾದ ಸರಳವಾಗಿತ್ತು. ನೆಲ ಅಗೆದಾಗಿದೆ, ಹಿಂದಿನ ವರ್ಷ ನೀವೇ ಅಗೆದ ನೆಲಕ್ಕೆ ಅನುಮೋದನೆ ಬೇಡವೆಂದಿದ್ದೀರಿ, ಆದ್ದರಿಂದ ನಮಗೂ ಬೇಡ.

ಪದಗಳ ಮಟ್ಟದಲ್ಲಿ ಇದು ದುರ್ಬಲ ವಾದವಲ್ಲ. ವಿವರಣೆಯಲ್ಲಿ ‘ಅಗೆಯುವುದು’ ಎಂದಿದೆಯೇ ಹೊರತು ‘ಅಗೆತ ಮುಂದುವರಿಸುವುದು’ ಎಂದಿಲ್ಲ. ಆದರೂ ನ್ಯಾಯಾಲಯ ಒಪ್ಪಲಿಲ್ಲ. ಈ ಕಾಯ್ದೆಯ ಎಲ್ಲ ಅರ್ಥೈಸುವಿಕೆಯೂ ಅದರ ಮೂಲ ಉದ್ದೇಶಕ್ಕೆ, ಅಂದರೆ ಮುಂದಿನ ಅರಣ್ಯನಾಶವನ್ನು ತಡೆಯುವುದಕ್ಕೆ, ನೆರವಾಗಬೇಕೆಂದು ಹೇಳಿ, ನವೀಕರಣಕ್ಕೂ ಅನುಮೋದನೆ ಬೇಕೆಂದಿತು. ಹಿಂದಿನ ತೀರ್ಪನ್ನು ರದ್ದುಮಾಡಲಿಲ್ಲ. ಅದರ ಸಂಗತಿಗಳು ಬೇರೆ, ಒಂದು ತೀರ್ಪು ತನ್ನ ಮುಂದಿದ್ದ ಸಂಗತಿಗಳಿಗಷ್ಟೇ ಆಧಾರ ಎಂದು ಪಕ್ಕಕ್ಕಿಟ್ಟಿತು.

ಹೇಡನ್ನನ ನಾಲ್ಕು ಪ್ರಶ್ನೆಗಳನ್ನು ಇಲ್ಲಿ ಕೇಳಿ ನೋಡಿ. ಮೊದಲು ಕಾನೂನು ಏನಿತ್ತು? 1927ರ ಭಾರತೀಯ ಅರಣ್ಯ ಕಾಯ್ದೆ ಮತ್ತು ರಾಜ್ಯಗಳ ಅರಣ್ಯ ಕಾಯ್ದೆಗಳಡಿ ಮೀಸಲು ಅರಣ್ಯವನ್ನು ಬಿಡುಗಡೆ ಮಾಡುವ, ಗುತ್ತಿಗೆಗೆ ಕೊಡುವ ಅಧಿಕಾರ ರಾಜ್ಯದ ಕೈಯಲ್ಲೇ ಇತ್ತು. ಅನಿಷ್ಟ ಯಾವುದು? ಇದನ್ನು ನಾವು ಊಹಿಸಬೇಕಾಗಿಲ್ಲ. ಮಸೂದೆಯ ಜೊತೆಗಿಟ್ಟ ಉದ್ದೇಶ ಮತ್ತು ಕಾರಣಗಳ ಹೇಳಿಕೆಯಲ್ಲೇ ದೊಡ್ಡ ಪ್ರಮಾಣದ ಅರಣ್ಯನಾಶ, ಅದರಿಂದ ಪರಿಸರದ ಸಮತೋಲನ ಕೆಡುತ್ತಿರುವುದು ಎಂದು ಬರೆದಿದೆ. ಮದ್ದು, ಕೇಂದ್ರದ ಪೂರ್ವಾನುಮೋದನೆ. ಅದರ ಕಾರಣ, ನಮ್ಮ ಓದಿನಂತೆ, ಗುತ್ತಿಗೆಯ ಹಣ ಬರುವ ಕೈಗೇ ಕಾಡಿನ ಅಂತಿಮ ತೀರ್ಮಾನ ಬಿಡಬಾರದೆಂಬುದು. ನವೀಕರಣವನ್ನು ಈ ಮದ್ದಿನ ಹೊರಗಿಟ್ಟರೆ, 1980ಕ್ಕೆ ಮುಂಚೆ ಗುದ್ದಲಿ ಬಿದ್ದ ಪ್ರತಿಯೊಂದು ಗಣಿಯೂ ಅವಧಿಯ ಮೇಲೆ ಅವಧಿಯಾಗಿ ರಾಜ್ಯದ ಸಹಿಯೊಂದರ ಮೇಲೆಯೇ ನಡೆಯಬಹುದಿತ್ತು.

ಹಾಗಾದರೆ ಎರಡು ತೀರ್ಪುಗಳು ಬೇರೆಯಾದದ್ದು ಎಲ್ಲಿ? ಒಂದರಲ್ಲಿ ನ್ಯಾಯಾಧೀಶರು ಕಾಡಿನ ಪರ, ಇನ್ನೊಂದರಲ್ಲಿ ಗಣಿಯ ಪರ ಎಂದು ವಿವರಿಸಿದರೆ ಅದು ಉತ್ತರವಾಗುವುದಿಲ್ಲ. ಬಿಹಾರದ ಗುತ್ತಿಗೆ ಇನ್ನೂ ಜೀವಂತವಾಗಿತ್ತು. ಅನುಮೋದನೆ ಬೇಕೆಂದರೂ ಅಗೆತ ಕಾನೂನುಬದ್ಧವಾಗಿ ನಡೆದೇ ಇರುತ್ತಿತ್ತು. ಅದಕ್ಕೇ ಅಸಮಂಜಸತೆ ಹುಟ್ಟಿದ್ದು. ಗುಜರಾತಿನಲ್ಲಿ ಹಕ್ಕು ಮುಗಿದಿತ್ತು. ಅನುಮೋದನೆ ಬೇಕೆಂದು ಓದಿದರೆ ಅಲ್ಲಿ ಯಾವ ವಿಪರೀತವೂ ಇಲ್ಲ, ಗಣಿ ನಿಲ್ಲುತ್ತದೆ ಅಷ್ಟೆ. ಬೇಕಾದವರು ಕೇಂದ್ರದ ಬಳಿ ಹೋಗಬಹುದು, ಏಕೆಂದರೆ ಈ ಕಲಂ ನಿಷೇಧವಲ್ಲ, ಅನುಮತಿಯ ಬಾಗಿಲು. ಸುವರ್ಣ ನಿಯಮಕ್ಕೆ ಅಲ್ಲಿ ಕೆಲಸವಿರಲಿಲ್ಲ, ಅನಿಷ್ಟ ನಿವಾರಣಾ ನಿಯಮಕ್ಕಿತ್ತು. ಸಭೆಯ ಹಿರಿಯರು ‘ಒಂದೇ ಕಲಮಿಗೆ ಎರಡು ಮಾತು’ ಎಂದದ್ದಕ್ಕೆ ನಮ್ಮ ಉತ್ತರ ಇದು: ಕಲಂ ಒಂದೇ, ಗುತ್ತಿಗೆಯ ತಾರೀಖು ಬೇರೆ.

ಅನಿಷ್ಟ ನಿವಾರಣೆ ಯಾವಾಗಲೂ ಪದಗಳನ್ನು ದಾಟಿಯೇ ಹೋಗಬೇಕೆಂದು ತಿಳಿದವರಿಗೆ ಗೋದಾವರ್ಮನ್ ಮೊಕದ್ದಮೆಯನ್ನು ನೆನಪಿಸಬೇಕು. ನಮ್ಮ ನೆರೆಯ ನೀಲಗಿರಿಯ ಗೂಡಲೂರಿನ ಮರಕಡಿತದಿಂದ ಹೊರಟ ಆ ದೂರಿನಲ್ಲಿ ಸರ್ವೋಚ್ಚ ನ್ಯಾಯಾಲಯ 1996ರ ಡಿಸೆಂಬರ್ 12ರಂದು ‘ಅರಣ್ಯ’ ಎಂಬ ಪದಕ್ಕೆ ನಿಘಂಟಿನ ಅರ್ಥವನ್ನೇ ಕೊಡಬೇಕೆಂದಿತು. ಮೀಸಲೆಂದು ಘೋಷಣೆಯಾಗಿರಲಿ ಬಿಡಲಿ, ಅರಣ್ಯ ಎಂದರೆ ಅರಣ್ಯ; ಸರ್ಕಾರಿ ದಾಖಲೆಯಲ್ಲಿ ಅರಣ್ಯವೆಂದಿರುವ ನೆಲವೂ, ಮಾಲೀಕರು ಯಾರೇ ಇರಲಿ, ಅರಣ್ಯಭೂಮಿಯೇ. ಕಾಯ್ದೆಯ ಉದ್ದೇಶವನ್ನು ಹೇಳಿಯೇ ನ್ಯಾಯಾಲಯ ನಿಘಂಟಿನ ಕಡೆಗೆ ಹೋಯಿತು. ಅಲ್ಲಿ ಅಕ್ಷರಾರ್ಥವೇ ಅತಿ ವಿಶಾಲವಾದ ಅರ್ಥವಾಗಿತ್ತು. 2023ರ ತಿದ್ದುಪಡಿ ಕಾಯ್ದೆಯ ವ್ಯಾಪ್ತಿಯನ್ನು ಅಧಿಸೂಚಿತ ಅರಣ್ಯಕ್ಕೂ, 1980ರ ಅಕ್ಟೋಬರ್ 25ರಂದು ಅಥವಾ ಆಮೇಲೆ ದಾಖಲೆಯಲ್ಲಿ ಅರಣ್ಯವೆಂದು ಬಂದ ನೆಲಕ್ಕೂ ಕಟ್ಟಿಹಾಕಲು ಹೊರಟಿತು. ಅದನ್ನು ಪ್ರಶ್ನಿಸಿದ ಅರ್ಜಿಗಳಲ್ಲಿ 2024ರ ಫೆಬ್ರುವರಿ 19ರ ಮಧ್ಯಂತರ ಆದೇಶ ಹಳೆಯ ನಿಘಂಟಿನ ಅರ್ಥವನ್ನೇ ಸದ್ಯಕ್ಕೆ ಮುಂದುವರಿಸುವಂತೆ ಹೇಳಿತು. ಶಾಸನಸಭೆಯೇ ಪದಕ್ಕೆ ವ್ಯಾಖ್ಯೆ ಬರೆದಾಗ ನಿಘಂಟಿಗೆ ಜಾಗವೆಷ್ಟು ಎಂಬುದು ಬೇರೆಯೇ ಪ್ರಶ್ನೆ. ಅದನ್ನು ಇನ್ನೊಂದು ಸಂಚಿಕೆಗೆ ಇಟ್ಟುಕೊಳ್ಳೋಣ.

ವಿದ್ಯಾರ್ಥಿ ಮಿತ್ರರಿಗಾಗಿ ಒಂದು ಕಲ್ಪಿತ ಸನ್ನಿವೇಶ. ವರ್ಷ 1982, ಕಲಮಿನ ಪಾಠ ಮೇಲೆ ಕೊಟ್ಟದ್ದೇ. 1975ರಲ್ಲಿ ಮೀಸಲು ಅರಣ್ಯದ 20 ಎಕರೆಗೆ ಗಣಿ ಗುತ್ತಿಗೆಯಾಗಿದೆ, 3 ಎಕರೆ ಅಗೆದಿದೆ, ಅವಧಿ ಇನ್ನೂ ಇದೆ. ಗುಂಡಿಯ ಕೆಳಗೆ ಗುತ್ತಿಗೆಯ ಗಡಿಯೊಳಗೇ 4 ಎಕರೆಯ ಹುಲ್ಲಿನ ಇಳಿಜಾರು, ಒಂದೂ ಮರವಿಲ್ಲ. ಗಣಿಯ ತ್ಯಾಜ್ಯ ಮಣ್ಣು ಕಲ್ಲನ್ನು ಅಲ್ಲಿ ಸುರಿಯಲು ರಾಜ್ಯ ಸರ್ಕಾರ ಈಗ ಆದೇಶ ಕೊಟ್ಟಿದೆ. ಕೇಂದ್ರದ ಅನುಮೋದನೆ ಬೇಕೇ?

ಪದಗಳಿಂದಲೇ ಆರಂಭಿಸಿ. ಆದೇಶವಿದೆ, ಅರಣ್ಯಭೂಮಿಯಿದೆ. ಉಳಿದದ್ದು ‘ಅರಣ್ಯೇತರ ಉದ್ದೇಶ’. ವಿವರಣೆ ‘ಎಂದರೆ’ ಎನ್ನುತ್ತದೆ, ‘ಒಳಗೊಳ್ಳುತ್ತದೆ’ ಎನ್ನುವುದಿಲ್ಲ. ಈ ಒಂದು ಪದದ ಮೇಲೆ ಎಷ್ಟೋ ಅಂಕ ನಿಂತಿವೆ. ‘ಒಳಗೊಳ್ಳುತ್ತದೆ’ ಎಂದಿದ್ದರೆ ಪಟ್ಟಿಯನ್ನು ಬೆಳೆಸಬಹುದಿತ್ತು. ‘ಎಂದರೆ’ ಬಾಗಿಲು ಮುಚ್ಚುತ್ತದೆ. ಆದ್ದರಿಂದ ಸುರಿಯುವುದು ‘ಅಗೆಯುವುದು’ ಅಥವಾ ‘ತೆರವು ಮಾಡುವುದು’ ಆಗಲೇಬೇಕು. ಅಗೆತ ಅಲ್ಲವೇ ಅಲ್ಲ. ತೆರವು ಎಂದರೆ ಇದ್ದದ್ದನ್ನು ತೆಗೆಯುವುದು. ಇಲ್ಲಿ ತೆಗೆಯುತ್ತಿಲ್ಲ, ಮುಚ್ಚುತ್ತಿದ್ದಾರೆ. ಅಕ್ಷರಾರ್ಥದಂತೆ ಅನುಮೋದನೆ ಬೇಡ. ಈ ಉತ್ತರ ನಿಮಗೆ ಇಷ್ಟವಿಲ್ಲದಿದ್ದರೂ ಬರೆಯಿರಿ. ಇದನ್ನು ಬರೆಯದವನು ಮುಂದಿನ ಎರಡು ನಿಯಮಗಳಿಗೆ ಹೋಗುವ ಕಾರಣವನ್ನೇ ಕಳೆದುಕೊಳ್ಳುತ್ತಾನೆ.

ಎರಡನೆಯ ಹೆಜ್ಜೆಯಲ್ಲಿ ಫಲವನ್ನು ನೋಡಿ. ನಾಲ್ಕು ಗುಂಟೆಯ ಪೊದೆ ಸವರಲು ದೆಹಲಿಯ ಅನುಮೋದನೆ ಬೇಕು, ನಾಲ್ಕು ಎಕರೆಯನ್ನು ಕಲ್ಲಿನಡಿ ಹೂಳಲು ಬೇಡ. ಇದು ವಿಪರೀತವೆಂದು ತೋರಿಸುವುದು ಕಷ್ಟವಲ್ಲ. ಆದರೆ ವಿಪರೀತವೆಂದು ತೋರಿಸಿದ ಮಾತ್ರಕ್ಕೆ ಮುಗಿಯಲಿಲ್ಲ. ಬಾಗಿಸಲು ಒಂದು ಪದ ಬೇಕು. ‘ತೆರವು’ ಎಂಬುದು ನೆಲವನ್ನು ಅದರ ಹಸಿರು ಹೊದಿಕೆಯಿಲ್ಲದಂತೆ ಮಾಡುವುದು ಎಂಬ ಅರ್ಥವನ್ನು ತಾಳಬಲ್ಲದೇ? ತಾಳಬಲ್ಲದೆಂದು ನಮ್ಮ ಅಭಿಪ್ರಾಯ. ಹೂತರೂ ಕಿತ್ತರೂ ಹುಲ್ಲು ಹೋಗುವುದು ಒಂದೇ. ತಾಳದು ಎಂದು ವಾದಿಸುವವರಿಗೂ ಅಂಕವಿದೆ, ‘ಎಂದರೆ’ ಎಂಬುದನ್ನು ಅವರು ಮರೆಯದಿದ್ದರೆ. ಪದವೇ ತಾಳದ ಅರ್ಥವನ್ನು ಯಾವ ನಿಯಮವೂ ಒಳತರಲಾರದು.

ಮೂರನೆಯದರಲ್ಲಿ ನಾಲ್ಕು ಪ್ರಶ್ನೆಗಳು. ಅವುಗಳ ಉತ್ತರ ಮೇಲೆಯೇ ಬಂದಿದೆ. ಇಲ್ಲಿ ಬೇಕಾದದ್ದು ಒಂದು ಕೊಂಡಿ: ಹೇಳಿಕೆಯಲ್ಲಿರುವ ಅನಿಷ್ಟ ‘ಅರಣ್ಯನಾಶ’, ನಮ್ಮ ಇಳಿಜಾರಿನಲ್ಲಿ ಮರವೇ ಇಲ್ಲ. ಮಳೆಗಾಲದಲ್ಲಿ ಆ ಹುಲ್ಲು ನೀರನ್ನು ಹಿಡಿಯುತ್ತದೆ, ಕೆಳಗಿನ ಗದ್ದೆಗೆ ಮಣ್ಣು ಬಾರದಂತೆ ತಡೆಯುತ್ತದೆ ಎಂದು ಮಲೆನಾಡಿನ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಪರೀಕ್ಷಕರಿಗೆ ಹೇಳಬೇಕು. ಪರಿಸರದ ಸಮತೋಲನ ಎಂಬ ಹೇಳಿಕೆಯ ಮಾತಿಗೆ ಅದನ್ನು ಜೋಡಿಸಿದಾಗ ವಾದ ನಿಲ್ಲುತ್ತದೆ.

ಎದುರು ಪಕ್ಷ ಬನ್ಸಿರಾಮ್ ಮೋದಿಯನ್ನು ತಂದೇ ತರುತ್ತದೆ: ಗುತ್ತಿಗೆ ಜೀವಂತವಿದೆ, ಹೊಸ ಅಗೆತವಿಲ್ಲ. ಉತ್ತರವೂ ಅದೇ ತೀರ್ಪಿನಲ್ಲಿದೆ. ಅಲ್ಲಿ ಬಿಡುಗಡೆ ಸಿಕ್ಕಿದ್ದು ಅಗೆದ 5 ಎಕರೆಗೆ. ಮುಟ್ಟದೆ ಉಳಿದ 75 ಎಕರೆ ಕಾಯ್ದೆಯ ನೆರಳಿನಲ್ಲೇ ಉಳಿಯಿತು. ನಮ್ಮ ಇಳಿಜಾರು ಆ 75ರ ಪೈಕಿ.

ಈಗ ಒಂದೇ ಸಂಗತಿಯನ್ನು ಬದಲಾಯಿಸುತ್ತೇವೆ. ತ್ಯಾಜ್ಯವನ್ನು ಇಳಿಜಾರಿಗೆ ಸುರಿಯದೆ, ಹಳೆಯ 3 ಎಕರೆಯ ಗುಂಡಿಗೇ ತುಂಬಲು ಆದೇಶವಾಗಿದೆ. ಮಳೆ ಬಂದರೆ ಅದರ ಒಂದು ಪಾಲು ಹರಿದು ಇಳಿಜಾರಿಗೆ ಇಳಿಯುವುದು ಖಂಡಿತ. ಅನುಮೋದನೆ ಬೇಕೇ? ಉತ್ತರಗಳನ್ನು ಎರಡು ಪುಟ ಮೀರದಂತೆ ಬರೆದು ಕಳುಹಿಸಿ. ಅಕ್ಷರಾರ್ಥದ ಹೆಜ್ಜೆ ಮೊದಲ ಪುಟದಲ್ಲೇ ಇರಲಿ.